ಪಹಣಿಯ ಒಂಬತ್ತನೇ ಕಾಲಂನಲ್ಲೊಂದು ಚಾನೆಲ್

ಕನ್ನಡದಲ್ಲಿ ಹೊಸದಾಗಿ ಯೂಟ್ಯೂಬ್ ಚಾನೆಲ್ ಶುರುಮಾಡುವವರ ಕಣ್ಣು ಮೊದಲು ಬೀಳುವುದು ಗೆದ್ದವರ ಮೇಲೆ. ದೇಶ ದೇಶ ಸುತ್ತಿ ಡಾ. ಬ್ರೋ ಎಂದೇ ಮನೆಮಾತಾದ ಗಗನ್ ಶ್ರೀನಿವಾಸ್, ಕರಾವಳಿಯ ಮನೆ ಅಡುಗೆಯನ್ನು ಊರೆಲ್ಲ ಕೂತು ನೋಡುವಂತೆ ಮಾಡಿದ ಭಟ್ ಎನ್ ಭಟ್ ಸಹೋದರರು ಎಲ್ಲರಿಗೂ ಗೊತ್ತು. ಅವರನ್ನು ನೋಡಿ ಎಷ್ಟೋ ಜನ ಹೆಲ್ಮೆಟ್‌ಗೆ ಕ್ಯಾಮೆರಾ ಕಟ್ಟಿಕೊಂಡರು, ಇನ್ನೆಷ್ಟೋ ಜನ ತೋಟದಲ್ಲಿ ಸೌದೆ ಒಲೆ ಹೂಡಿದರು. ಅಲ್ಲಿ ಈಗ ಕಾಲಿಡಲು ಜಾಗವಿಲ್ಲ. ಇನ್ನು ಕೆಲವರು ಬೇರೊಂದು ಲೆಕ್ಕ ಹಾಕುತ್ತಾರೆ. ಹಿಂದಿಯಲ್ಲಿ ಚೆನ್ನಾಗಿ ಓಡುತ್ತಿರುವ ವಿಷಯವನ್ನೇ ಕನ್ನಡದಲ್ಲಿ ಹೇಳಿದರೆ ಸಾಕು, ನೋಡುವವರು ತಾವಾಗಿಯೇ ಬರುತ್ತಾರೆ ಎಂದು.

ಈ ಲೆಕ್ಕ ಅರ್ಧ ಮಾತ್ರ ಸರಿ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ಸುಮಾರು 4.37 ಕೋಟಿ. ಅವರಲ್ಲಿ ಹಿಂದಿ, ತೆಲುಗು, ತಮಿಳು, ಮರಾಠಿ ಅರ್ಥವಾಗುವವರಿಗೆ ಕೊರತೆಯಿಲ್ಲ. ಹೊಸ ಮೊಬೈಲ್ ಹೇಗಿದೆ ಎಂದು ತಿಳಿಯಬೇಕಾದವನು ಹಿಂದಿಯ ದೊಡ್ಡ ಚಾನೆಲ್ ನೋಡಿ ಸುಮ್ಮನಾಗುತ್ತಾನೆ. ಅವನ ಕೆಲಸ ಅಲ್ಲಿಗೇ ಮುಗಿಯಿತು. ಜೊತೆಗೆ 2023ರಿಂದ ಒಂದೇ ವಿಡಿಯೊಗೆ ಹಲವು ಭಾಷೆಗಳ ಆಡಿಯೊ ಸೇರಿಸುವ ಸೌಲಭ್ಯವನ್ನೂ ಯೂಟ್ಯೂಬ್ ವಿಸ್ತರಿಸುತ್ತಾ ಬಂದಿದೆ. ಬರೀ ಭಾಷೆ ಬದಲಿಸಿ ಗಿಟ್ಟಿಸಿಕೊಂಡ ಜಾಗವನ್ನು ನಾಳೆ ಇನ್ನೊಬ್ಬ ಅದೇ ದಾರಿಯಲ್ಲಿ ಕಿತ್ತುಕೊಳ್ಳಬಹುದು.

ನಿಜವಾಗಿ ಖಾಲಿ ಇರುವ ಜಾಗ ಬೇರೆಡೆ ಇದೆ. ಬೇರೆ ಭಾಷೆಯ ವಿಡಿಯೊ ಎಷ್ಟೇ ಚೆನ್ನಾಗಿದ್ದರೂ ಕೆಲಸಕ್ಕೆ ಬಾರದ ವಿಷಯಗಳಿವೆ. ಅದಕ್ಕೊಂದು ಒಳ್ಳೆಯ ಉದಾಹರಣೆ ಜಮೀನಿನ ದಾಖಲೆ. ಉತ್ತರ ಪ್ರದೇಶದ ಖತೌನಿ ಬಗ್ಗೆಯೋ ಮಹಾರಾಷ್ಟ್ರದ ಸಾತ್‌ಬಾರಾ ಬಗ್ಗೆಯೋ ಇರುವ ಸೊಗಸಾದ ವಿಡಿಯೊದಿಂದ ಹಾವೇರಿಯ ರೈತನಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ಅವನಿಗೆ ಬೇಕಾದದ್ದು ಪಹಣಿ, ಪೋಡಿ, 11ಇ ನಕ್ಷೆ, ನಾಡಕಚೇರಿ. ಕಂದಾಯದ ಕಾನೂನು ರಾಜ್ಯದ ಗಡಿ ದಾಟುವುದಿಲ್ಲವಾದ್ದರಿಂದ ಹೊರಗಿನ ದೊಡ್ಡ ಚಾನೆಲ್ ಇಲ್ಲಿಗೆ ಬಂದು ಸ್ಪರ್ಧೆಗೆ ನಿಲ್ಲುವುದೂ ಇಲ್ಲ.

ಹಾಗೆಂದು ಕಂದಾಯ ವಿಷಯದ ಕನ್ನಡ ವಿಡಿಯೊಗಳೇ ಇಲ್ಲವೆಂದಲ್ಲ, ಬೇಕಾದಷ್ಟಿವೆ. ಅದರೊಳಗೆ ಯಾವ ಮೂಲೆ ಖಾಲಿ ಎಂದು ಹುಡುಕುವುದೇ ಮೊದಲ ಕೆಲಸ. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು ಹುಡುಕಿದರೆ ಹಿಂದೆ ನೋಡಿದ ವಿಡಿಯೊಗಳ ನೆರಳು ಫಲಿತಾಂಶದ ಮೇಲೆ ಅಷ್ಟಾಗಿ ಬೀಳುವುದಿಲ್ಲ. ‘ಪೌತಿ ಖಾತೆ’ ಎಂದು ಕನ್ನಡದಲ್ಲೊಮ್ಮೆ, pauti khata ಎಂದು ಇಂಗ್ಲಿಷ್ ಅಕ್ಷರದಲ್ಲೊಮ್ಮೆ ಟೈಪ್ ಮಾಡಬೇಕು. ಹಳ್ಳಿಯಲ್ಲೂ ಎರಡನೆಯ ರೀತಿ ಹುಡುಕುವವರು ಬಹಳ. ಮೊದಲ ಹತ್ತು ವಿಡಿಯೊಗಳಲ್ಲಿ ಗಮನಿಸಬೇಕಾದ್ದು ಎರಡೇ ಸಂಗತಿ. ಅವು ಎಷ್ಟು ಹಳೆಯವು ಎಂಬುದು ಒಂದು. ಸಬ್‌ಸ್ಕ್ರೈಬರ್‌ಗಳಿಗೆ ಹೋಲಿಸಿದರೆ ವ್ಯೂಸ್ ಎಷ್ಟು ಎಂಬುದು ಇನ್ನೊಂದು. ಎರಡು ಸಾವಿರ ಸಬ್‌ಸ್ಕ್ರೈಬರ್ ಇರುವ ಚಾನೆಲ್‌ನ ನಾಲ್ಕು ವರ್ಷ ಹಳೆಯ, ಧ್ವನಿಯೂ ಸರಿಯಿಲ್ಲದ ವಿಡಿಯೊ ಲಕ್ಷ ಸಲ ನೋಡಿಸಿಕೊಂಡಿದ್ದರೆ ಜನ ಬೇರೆ ಗತಿಯಿಲ್ಲದೆ ಅದನ್ನು ನೋಡಿದ್ದಾರೆಂದು ತಿಳಿಯಬೇಕು. ಹುಡುಕಿದರೆ ಏನೂ ಸಿಗದ ವಿಷಯದ ಬಗ್ಗೆ ಮಾತ್ರ ಎಚ್ಚರ ಬೇಕು. ಯಾರೂ ಕೇಳದ್ದರಿಂದಲೇ ಯಾರೂ ಮಾಡದೆ ಬಿಟ್ಟಿರಬಹುದು. ಗೂಗಲ್ ಟ್ರೆಂಡ್ಸ್‌ನಲ್ಲಿ ಯೂಟ್ಯೂಬ್ ಹುಡುಕಾಟವನ್ನೂ ಕರ್ನಾಟಕವನ್ನೂ ಆರಿಸಿಕೊಂಡು ನೋಡಿದರೆ ಈ ಅನುಮಾನ ಸ್ವಲ್ಪ ತಿಳಿಯಾಗುತ್ತದೆ.

ಆದರೆ ಎಲ್ಲಕ್ಕಿಂತ ಹೆಚ್ಚು ಹೇಳುವುದು ಕಾಮೆಂಟುಗಳು. ಪೌತಿ ಖಾತೆಯನ್ನೇ ಹಿಡಿದು ನೋಡಬಹುದು. ಜಮೀನಿನ ಒಡೆಯರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಮಾಡಿಸುವುದಕ್ಕೆ ಈ ಹೆಸರು. ತಾತ ಹೋಗಿ ಇಪ್ಪತ್ತು ವರ್ಷವಾದರೂ ಪಹಣಿಯ ಒಂಬತ್ತನೇ ಕಾಲಂನಲ್ಲಿ ತಾತನ ಹೆಸರೇ ಕೂತಿರುವ ಮನೆಗಳು ರಾಜ್ಯದಲ್ಲಿ ಲಕ್ಷಗಟ್ಟಲೆ. ಬೆಳೆ ಸಾಲಕ್ಕೆಂದು ಬ್ಯಾಂಕಿಗೆ ಹೋದ ದಿನ ಅದು ನೆನಪಾಗುತ್ತದೆ. ಇದರ ಬಗೆಗಿನ ಹೆಚ್ಚಿನ ವಿಡಿಯೊಗಳು ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಆಧಾರ್ ಇಷ್ಟನ್ನು ಹಿಡಿದು ನಾಡಕಚೇರಿಗೆ ಹೋಗಿ ಎಂದು ಹೇಳಿ ಮುಗಿಸುತ್ತವೆ. ಜನ ಕೆಳಗೆ ಕೇಳುವುದೇ ಬೇರೆ. ಮದುವೆಯಾಗಿ ಹೋದ ಅಕ್ಕಂದಿರ ಹೆಸರನ್ನು ವಂಶವೃಕ್ಷದಲ್ಲಿ ಬರೆಸಲೇಬೇಕಾ? ಒಬ್ಬ ತಮ್ಮ ಸಹಿ ಹಾಕುತ್ತಿಲ್ಲ, ಏನು ಮಾಡುವುದು? ಮರಣ ಪತ್ರದಲ್ಲಿ ಬಸಪ್ಪ, ಪಹಣಿಯಲ್ಲಿ ಬಸವಣ್ಣೆಪ್ಪ ಎಂದಿದೆ, ನಡೆಯುತ್ತಾ? ಅಪ್ಪನೂ ತೀರಿಕೊಂಡಿದ್ದಾರೆ, ತಾತನ ಹೆಸರಿನಿಂದ ನೇರ ನಮ್ಮ ಹೆಸರಿಗೆ ಬರುತ್ತಾ?

ಇಂಥ ಒಂದೊಂದು ಪ್ರಶ್ನೆಯೂ ಒಂದೊಂದು ವಿಡಿಯೊ. ಮೊದಲನೆಯದನ್ನೇ ಬಿಡಿಸಿ ನೋಡೋಣ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೆ ಹೇಗೆ ಎಂಬ ಗೊಂದಲವನ್ನು 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮ ಪ್ರಕರಣದಲ್ಲಿ ಬಗೆಹರಿಸಿತು. ಆ ಹಕ್ಕು ಹುಟ್ಟಿನಿಂದ ಬರುವುದರಿಂದ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದಿತು. ಅಂದರೆ ಅಕ್ಕಂದಿರನ್ನು ಬಿಟ್ಟು ವಂಶವೃಕ್ಷ ಬರೆಸಿದರೆ ಮುಂದೆ ತಕರಾರು ಕಟ್ಟಿಟ್ಟ ಬುತ್ತಿ. ಹೆಸರು ಬರೆಸಿದ ಮಾತ್ರಕ್ಕೆ ಜಮೀನು ಪಾಲಾಗಿಬಿಡುವುದಿಲ್ಲ ಎಂಬುದನ್ನೂ ಅದೇ ವಿಡಿಯೊದಲ್ಲಿ ಹೇಳಬೇಕು. ಪೌತಿ ಖಾತೆಯಲ್ಲಿ ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಕೂರುತ್ತದೆ. ಪಾಲು ಬೇರೆಯಾಗಲು ವಿಭಾಗ ಪತ್ರ, ಅಳತೆ ಎಲ್ಲವೂ ಬೇರೆಯೇ. ಅಣ್ಣತಮ್ಮಂದಿರ ಹೆದರಿಕೆಗೆ ಅರ್ಧ ಕಾರಣ ಈ ಎರಡನ್ನೂ ಒಂದೇ ಎಂದುಕೊಂಡಿರುವುದು.

ಈ ವಿಡಿಯೊ ಹೇಗಿರಬೇಕು? ಶುರುವಿನಲ್ಲಿ ತಿರುಗುವ ಲೋಗೊ, ಸಂಗೀತ, ‘ನಮಸ್ಕಾರ ಸ್ನೇಹಿತರೇ, ಬೆಲ್ ಬಟನ್ ಒತ್ತಿ’ ಎಂಬ ಮುಕ್ಕಾಲು ನಿಮಿಷದ ಪೂಜೆ ಬೇಡ. ಅಷ್ಟರೊಳಗೆ ಎಷ್ಟು ಜನ ಎದ್ದುಹೋದರೆಂದು ಯೂಟ್ಯೂಬ್ ಸ್ಟುಡಿಯೊದ ರಿಟೆನ್ಷನ್ ಗೆರೆ ಕರಾರುವಾಕ್ಕಾಗಿ ತೋರಿಸುತ್ತದೆ. ಮೊದಲ ವಾಕ್ಯದಲ್ಲೇ ಉತ್ತರ, ಆಮೇಲೆ ಕಾರಣ. ತೆರೆಯ ತುಂಬ ಪಹಣಿಯನ್ನಿಟ್ಟು ಒಂಬತ್ತನೇ ಕಾಲಂನಲ್ಲಿ ಒಡೆಯರ ಹೆಸರು, ಹನ್ನೊಂದರಲ್ಲಿ ಸಾಲ ಮತ್ತಿತರ ಹಕ್ಕುಗಳು ಎಂದು ಬೆರಳಿಟ್ಟು ತೋರಿಸಿದರೆ ಮುಖ ತೋರಿಸಿ ಮಾತಾಡುವುದಕ್ಕಿಂತ ಹೆಚ್ಚು ಹೊತ್ತು ಜನ ಕೂರುತ್ತಾರೆ. ಪಹಣಿಯನ್ನು ಯಾರು ಬೇಕಾದರೂ ನೋಡಬಹುದು ನಿಜ, ಆದರೂ ಬೇರೆಯವರ ಹೆಸರು, ಸರ್ವೆ ನಂಬರ್ ಅಳಿಸಿ ತೋರಿಸುವುದೇ ಸರಿ. ಹಳ್ಳಿಯಲ್ಲಿ ಒಂದು ಸರ್ವೆ ನಂಬರ್ ಸಾಕು, ಜಗಳ ಯಾರ ಮನೆಯದೆಂದು ತಿಳಿದುಬಿಡುತ್ತದೆ.

ಶೀರ್ಷಿಕೆಯಲ್ಲೂ ಊರು ಗೊತ್ತಿರಬೇಕು. ದಕ್ಷಿಣದವರು ಪಹಣಿ ಎಂದು ಹುಡುಕುವುದನ್ನು ಬೆಳಗಾವಿ, ಧಾರವಾಡದ ಕಡೆ ಹಲವರು ಉತಾರ ಎಂದು ಹುಡುಕುತ್ತಾರೆ. ಎರಡೂ ಪದ ಇದ್ದರೆ ಎರಡೂ ಕಡೆಯವರು ಬರುತ್ತಾರೆ. ಇನ್ನೂ ಮುಂದೆ ಹೋಗಿ ಇಡೀ ಚಾನೆಲನ್ನೇ ಒಂದು ಸೀಮೆಯ ಮಾತಿನಲ್ಲಿ ನಡೆಸಬಹುದು. ತೆಲಂಗಾಣದ ಲಂಬಾಡಿಪಲ್ಲಿ ಎಂಬ ಹಳ್ಳಿಯಿಂದ ಬರುವ ‘ಮೈ ವಿಲೇಜ್ ಶೋ’ ಊರಿನ ಆಡುಮಾತನ್ನು ತಿದ್ದದೆ ಹಾಗೇ ಬಳಸಿತು. ಅದರಲ್ಲಿ ನಟಿಸಿದ ಅಜ್ಜಿ ಗಂಗವ್ವ 2020ರಲ್ಲಿ ತೆಲುಗು ಬಿಗ್ ಬಾಸ್ ಮನೆಯವರೆಗೂ ಹೋದರು. ಅದು ತಮಾಷೆಯ ಚಾನೆಲ್, ಇಲ್ಲಿರುವುದು ಕಂದಾಯದ ಕಾಗದ. ಆದರೂ ಕಲಬುರಗಿಯ ರೈತನಿಗೆ ಬೆಂಗಳೂರಿನ ವಾರ್ತಾವಾಚಕರ ಕನ್ನಡಕ್ಕಿಂತ ತನ್ನ ಕಡೆಯ ಮಾತಿನಲ್ಲಿ ಹೇಳಿದ ಕಾನೂನು ಬೇಗ ತಲೆಗಿಳಿಯುತ್ತದೆ.

ಇಷ್ಟು ಸಣ್ಣ ಮೂಲೆಯಲ್ಲಿ ಕೂತರೆ ಹೊಟ್ಟೆ ತುಂಬುವುದೇ? ಜಾಹೀರಾತಿನ ಪಾಲು ಸಿಗಲು 1,000 ಸಬ್‌ಸ್ಕ್ರೈಬರ್ ಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವ್ಯೂಸ್ ಬೇಕು. 4,000 ಗಂಟೆ ಎಂದರೆ 2,40,000 ನಿಮಿಷ. ಒಂಬತ್ತು ನಿಮಿಷದ ವಿಡಿಯೊವನ್ನು ಜನ ಸರಾಸರಿ ನಾಲ್ಕು ನಿಮಿಷ ನೋಡಿದರೆ 60,000 ವ್ಯೂಸ್‌ನಲ್ಲಿ ಲೆಕ್ಕ ಮುಗಿಯಿತು. ದಿನಕ್ಕೆ ಎಲ್ಲ ವಿಡಿಯೊ ಸೇರಿ 165ರಷ್ಟು. ಪೌತಿ ಖಾತೆಯ ಪ್ರಶ್ನೆ ಹಬ್ಬ ಮುಗಿದ ಮೇಲೆ ಹಳಸುವಂಥದ್ದಲ್ಲ, ವರ್ಷವಿಡೀ ಯಾರಾದರೂ ಹುಡುಕುತ್ತಲೇ ಇರುತ್ತಾರೆ. ಹಾಗಾಗಿ ಇಪ್ಪತ್ತು ಒಳ್ಳೆಯ ವಿಡಿಯೊ ಇರುವ ಚಾನೆಲ್‌ಗೆ ಈ ಸಂಖ್ಯೆ ದೊಡ್ಡದೇನಲ್ಲ. ಉದ್ದ ವಿಡಿಯೊದ ಜಾಹೀರಾತು ಹಣದಲ್ಲಿ ಮಾಡಿದವರಿಗೆ ಶೇ. 55 ಸಿಗುತ್ತದೆ, ಆದರೆ ಖಾತೆಯಲ್ಲಿ 100 ಡಾಲರ್ ಸೇರುವವರೆಗೆ ಅದು ಕೈಗೆ ಬರುವುದಿಲ್ಲ. ಶಾರ್ಟ್ಸ್ ಪುಟದಲ್ಲಿ ಜನ ನೋಡಿದ ಹೊತ್ತು ಈ 4,000 ಗಂಟೆಗೆ ಸೇರುವುದಿಲ್ಲ ಎಂಬುದನ್ನು ಎಷ್ಟೋ ಜನ ತಡವಾಗಿ ತಿಳಿಯುತ್ತಾರೆ.

ಈ ದಾರಿಯ ದೊಡ್ಡ ತೊಡಕು ಬೇರೆ. ಹುಡುಕಿಕೊಂಡು ಬಂದವನು ಉತ್ತರ ಸಿಕ್ಕ ಕೂಡಲೇ ಹೊರಟುಹೋಗುತ್ತಾನೆ. ಅನಾಲಿಟಿಕ್ಸ್‌ನಲ್ಲಿ ವ್ಯೂಸ್ ಬಹುಪಾಲು ಯೂಟ್ಯೂಬ್ ಹುಡುಕಾಟದಿಂದಲೇ ಬರುತ್ತಿದ್ದು, ಮರಳಿ ಬರುವ ವೀಕ್ಷಕರ ಗೆರೆ ನೆಲ ಕಚ್ಚಿದ್ದರೆ ಚಾನೆಲ್ ಬರೀ ವಿಚಾರಣೆ ಕೌಂಟರ್ ಆಗಿದೆ ಎಂದರ್ಥ. ಆಗ ಕೆಲವರು ಗಾಬರಿಯಾಗಿ ಸಿನಿಮಾ ಸುದ್ದಿ, ಚಿನ್ನದ ದರ ಎಲ್ಲವನ್ನೂ ತುರುಕುತ್ತಾರೆ. ಬಂದ ಸಬ್‌ಸ್ಕ್ರೈಬರ್ ಅದನ್ನು ಒತ್ತುವುದಿಲ್ಲ, ಹೊಸಬರಿಗೆ ಚಾನೆಲ್ ಯಾತಕ್ಕೆಂದು ತಿಳಿಯುವುದಿಲ್ಲ. ಅದಕ್ಕಿಂತ ಅದೇ ಮನೆಯ ಮುಂದಿನ ಪ್ರಶ್ನೆಗೆ ಹೋಗುವುದು ಮೇಲು. ಪೌತಿ ಖಾತೆ ಆದವರಿಗೆ ಮುಂದೆ ವಿಭಾಗ ಬೇಕು. ವಿಭಾಗ ಮಾಡಿಕೊಂಡವರಿಗೆ ಪೋಡಿ ಬೇಕು. ಸರ್ವೆ ನಂಬರಿನ ಒಂದು ಭಾಗ ಮಾರುವವರಿಗೆ 11ಇ ನಕ್ಷೆ ಬೇಕು. ಒಂದೇ ಕುಟುಂಬ ಈ ಮೆಟ್ಟಿಲುಗಳನ್ನು ಹತ್ತಲು ಎರಡು ಮೂರು ವರ್ಷ ಹಿಡಿಯಬಹುದು. ಅಷ್ಟೂ ಕಾಲ ಅದಕ್ಕೆ ಈ ಚಾನೆಲ್ ಬೇಕಾಗುತ್ತದೆ.

ನಿಯಮ ಬದಲಾದರೆ ಹಳೆಯ ವಿಡಿಯೊ ಜನರನ್ನು ದಾರಿ ತಪ್ಪಿಸುತ್ತದೆ. ಅದನ್ನು ಪೂರ್ತಿ ಅಳಿಸಿದರೆ ಗಳಿಸಿದ ವೀಕ್ಷಣೆಯೂ ಹೋಗುತ್ತದೆ. ಹಾಗಾಗಿ ಮೇಲೆ ಪಿನ್ ಮಾಡಿದ ಕಾಮೆಂಟ್‌ನಲ್ಲಿ ಬದಲಾವಣೆ ಬರೆದು ಹೊಸ ವಿಡಿಯೊದ ಕೊಂಡಿ ಕೊಡುವುದು ವಾಡಿಕೆ. ತಪ್ಪು ದೊಡ್ಡದಿದ್ದರೆ ಮಾತ್ರ ಹಳೆಯದನ್ನು ಖಾಸಗಿ ಮಾಡಬೇಕು. ಇದಕ್ಕಿಂತ ತಲೆನೋವು ಕಾಮೆಂಟುಗಳಲ್ಲಿ ಕಾದು ಕೂರುವ ದಲ್ಲಾಳಿಗಳದು. ಕಷ್ಟ ಹೇಳಿಕೊಂಡವರು ಸರ್ವೆ ನಂಬರ್, ಮೊಬೈಲ್ ನಂಬರ್ ಎಲ್ಲವನ್ನೂ ಬರೆದುಬಿಡುತ್ತಾರೆ. ಸಂಜೆಯೊಳಗೆ ‘ಸಾರ್, ನಿಮ್ಮ ಚಾನೆಲ್ ಕಡೆಯಿಂದ ಮಾತಾಡ್ತಿದ್ದೀವಿ, ಖಾತೆ ಮಾಡಿಸಿಕೊಡ್ತೀವಿ, ಐದು ಸಾವಿರ ಹಾಕಿ’ ಎಂಬ ಫೋನ್ ಹೋಗಿರುತ್ತದೆ. ಸ್ಟುಡಿಯೊದ ಸೆಟ್ಟಿಂಗ್‌ನಲ್ಲಿ ಎಲ್ಲ ಕಾಮೆಂಟುಗಳನ್ನೂ ಪರಿಶೀಲನೆಗೆ ತಡೆಹಿಡಿಯಬಹುದು. ಹಾಗೆ ತಡೆದು, ನಂಬರ್ ಇರುವಂಥವನ್ನು ಹೊರಗೆ ಬಿಡದೆ, ಅದೇ ಪ್ರಶ್ನೆಗೆ ಹೆಸರಿಲ್ಲದೆ ಮುಂದಿನ ವಿಡಿಯೊದಲ್ಲಿ ಉತ್ತರಿಸಲು ವಾರಕ್ಕೆ ಒಂದೆರಡು ಗಂಟೆಯನ್ನಾದರೂ ಎತ್ತಿಡಬೇಕಾಗುತ್ತದೆ.