ಆಯಿಯ ಮುಖ ಊರಿಗೇ ಗೊತ್ತು, ಮಷಿನ್‌ಗೆ ಬೆರಳೇ ಬೇಕು

ಹುಮನಾಬಾದ್ ತಾಲ್ಲೂಕಿನ ನಮ್ಮೂರಲ್ಲಿ ರೇಷನ್ ಅಂಗಡಿಯವರಿಗೆ ನಮ್ಮ ಆಯಿ ಗೊತ್ತಿಲ್ಲ ಅಂತಲ್ಲ. ಅವರನ್ನು ಸಣ್ಣವರಿದ್ದಾಗ ಎತ್ತಿ ಆಡಿಸಿದಾಕಿ ಇವಳೇ. ಆದರೂ ಕಳೆದ ತಿಂಗಳು ನಾನು ಬಸವಕಲ್ಯಾಣದಿಂದ ಊರಿಗೆ ಹೋದಾಗ, ಆಯಿ ಮೂರನೇ ಸಲ ಖಾಲಿ ಚೀಲ ಹಿಡಿದು ವಾಪಸ್ ಬಂದಿದ್ದಳು. ‘ನಿನ್ನ ಕೈ ಸವದಾವ ಆಯಿ, ಮಷಿನ್ ತೊಗೊಳ್ಳವಲ್ದು’ ಅಂದರಂತೆ. ಅವತ್ತಿನಿಂದ ಯಾರಾದರೂ ಮನೆಗೆ ಬಂದರೆ ಆಯಿ ಕೈ ಸೆರಗಿನೊಳಗೆ ಮುಚ್ಚಿಕೊಳ್ಳುತ್ತಾಳೆ.

ತಪ್ಪು ಕೈದೇ? ಬೆರಳಿನ ಗೆರೆಗಳ ಏರು ತಗ್ಗು ಸ್ಪಷ್ಟವಾಗಿದ್ದರೆ ಮಾತ್ರ ಸ್ಕ್ಯಾನರ್ ಅವನ್ನು ಗುರುತಿಸುತ್ತದೆ. ವಯಸ್ಸಾದಂತೆ ಚರ್ಮ ಒಣಗುತ್ತದೆ, ತೆಳುವಾಗುತ್ತದೆ, ಗೆರೆಗಳು ಚಪ್ಪಟೆಯಾಗುತ್ತವೆ. ಅದರ ಮೇಲೆ ತೊಗರಿ ಕೊಯ್ದು, ಪಾತ್ರೆ ತಿಕ್ಕಿ ಸವೆದ ಬೆರಳಾದರೆ ಕೇಳುವುದೇ ಬೇಡ. ಅಂದರೆ ಮುಪ್ಪಿನ ಚರ್ಮ ಹೇಗಿರುತ್ತದೋ ಹಾಗೇ ಇದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವ್ಯವಸ್ಥೆಯ ಕೊರತೆಯನ್ನು ಮುದುಕಿಯ ಮೈಮೇಲೆ ಹಾಕಲಾಗುತ್ತಿದೆ.

ನಿಮ್ಮ ಮನೆಯಲ್ಲೂ ಹೀಗಾದರೆ ಮೊದಲು ಮಷಿನ್ ಪರದೆ ನೋಡಿ. 300 ಅಂತ ಬಂದರೆ ಬೆರಳಚ್ಚು ಹೊಂದಿಲ್ಲ ಎಂದರ್ಥ, ಸರ್ವರ್ ಸಮಸ್ಯೆಯಲ್ಲ. ಒದ್ದೆ ಬಟ್ಟೆಯಿಂದ ಬೆರಳು ಒರೆಸಿ, ಹೆಬ್ಬೆರಳೊಂದನ್ನೇ ಒತ್ತಿಸದೆ ಉಳಿದ ಬೆರಳುಗಳನ್ನೂ ಇಡಿಸಿ. ನೀರು ಜಾಸ್ತಿಯಾದರೂ ಅಚ್ಚು ಮೂಡಲ್ಲ.

ಅದೂ ಆಗದಿದ್ದರೆ? ಆಧಾರ್ ಪ್ರಾಧಿಕಾರ 2017ರ ಅಕ್ಟೋಬರ್ 24ರಂದೇ ಸುತ್ತೋಲೆ ಹೊರಡಿಸಿದೆ. ಬೆರಳಚ್ಚು ಹೊಂದದಿದ್ದರೆ ಕಣ್ಣಿನ ಸ್ಕ್ಯಾನ್ ಅಥವಾ ಮೊಬೈಲ್ ಒಟಿಪಿ ಬಳಸಬೇಕು. ಯಾವುದೂ ಆಗದಿದ್ದರೆ ಕಾರ್ಡ್ ನೋಡಿ ರೇಷನ್ ಕೊಟ್ಟು, ಕಾರಣವನ್ನು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆಯಬೇಕು. ಬೆರಳು ಹೊಂದಲಿಲ್ಲ ಅನ್ನುವ ಒಂದೇ ಕಾರಣಕ್ಕೆ ವಾಪಸ್ ಕಳಿಸುವಂತಿಲ್ಲ.

ಆಯಿ ವಿಷಯದಲ್ಲಿ ಕಣ್ಣಿನ ಸ್ಕ್ಯಾನರ್ ಅಂಗಡಿಯಲ್ಲಿ ಇರಲಿಲ್ಲ. ಒಟಿಪಿ ಹೋಗುವ ನಂಬರ್ ಹೈದರಾಬಾದಿನಲ್ಲಿ ದುಡಿಯುವ ಕಾಕಾನದು, ಅದೂ ಬಂದ್ ಆಗಿತ್ತು. ಉಳಿದದ್ದು ರಿಜಿಸ್ಟರ್. ‘ಅಂಥದ್ದು ಇಲ್ಲಿಲ್ಲ’ ಅಂದರು. ಸುತ್ತೋಲೆಯ ಪ್ರತಿ ಲಗತ್ತಿಸಿ ಆಹಾರ ನಿರೀಕ್ಷಕರಿಗೆ ಅರ್ಜಿ ಕೊಟ್ಟೆವು, ಸ್ವೀಕೃತಿ ಸಹಿ ಹಾಕಿಸಿಕೊಂಡೆವು. ನಾಲ್ಕನೇ ದಿನ ಅಕ್ಕಿ ಸಿಕ್ಕಿತು.

ಆದರೆ ಇದು ಆ ತಿಂಗಳ ಮಾತು. ಬರುವ ತಿಂಗಳು ಮತ್ತೆ ಬೆರಳು ಒತ್ತಬೇಕು. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಬಹುದು, ಆದರೆ ಗೆರೆಯೇ ಉಳಿಯದ ಬೆರಳಿಗೆ ಅದರಿಂದ ಉಪಯೋಗ ಕಡಿಮೆ. ಹಾಗಾಗಿ ಕೇಳಬೇಕಾದದ್ದು ಆಯಿಯ ಕೈ ಯಾಕೆ ಹೀಗಿದೆ ಅಂತಲ್ಲ, ಆ ರಿಜಿಸ್ಟರ್ ಎಲ್ಲಿದೆ ಅಂತ. ನಿಮ್ಮೂರ ಅಂಗಡಿಗೆ ಹೋದಾಗ ಒಮ್ಮೆ ಕೇಳಿ ನೋಡಿ. ಅಕ್ಕಿ ತಂದ ದಿನ ಆಯಿ ನನ್ನ ಮುಂದೆ ಎರಡೂ ಕೈ ಚಾಚಿ, ‘ಇವೇ ನಿಮ್ಮಪ್ಪಗ ಉಣಿಸಿದ್ವು ನೋಡು’ ಅಂದಳು.