ಕರುವಿನ ಮೂಗಿನ ಮಟ್ಟದ ಗಾಳಿ

ಹಾಲು ಕುಡಿಯುವ ವಯಸ್ಸಿನ ಕರು ದಿನದ ಮುಕ್ಕಾಲು ಪಾಲು ಹೊತ್ತು ಮಲಗಿಯೇ ಕಳೆಯುತ್ತದೆ. ಆಗ ಅದರ ಮೂಗು ನೆಲದಿಂದ ಗೇಣುದ್ದ ಮೇಲಿದ್ದರೆ ಹೆಚ್ಚು. ಕೊಟ್ಟಿಗೆಗೆ ಬಂದವರು ನಿಂತು ಉಸಿರಾಡುವ ಗಾಳಿಗೂ ಕರು ಮಲಗಿ ಉಸಿರಾಡುವ ಗಾಳಿಗೂ ಬಹಳ ವ್ಯತ್ಯಾಸವಿದೆ. ಕರುಗಳ ನ್ಯುಮೋನಿಯಾ ಹುಟ್ಟುವುದು ಹೆಚ್ಚಾಗಿ ಈ ವ್ಯತ್ಯಾಸದಲ್ಲಿ. ಆದ್ದರಿಂದ ಕರುಗಳಿಗೆ ಜಾಗ ಕಟ್ಟುವಾಗ ಎಲ್ಲ ಅಳತೆಗಳನ್ನೂ ಆ ಗೇಣುದ್ದದ ಎತ್ತರದಿಂದಲೇ ಲೆಕ್ಕ ಹಾಕಬೇಕು.

ರೋಗ ತರುವ ಪಾಶ್ಚುರೆಲ್ಲಾದಂಥ ಬ್ಯಾಕ್ಟೀರಿಯಾಗಳು ಆರೋಗ್ಯವಂತ ಕರುವಿನ ಮೂಗು, ಗಂಟಲಲ್ಲೂ ಇರುತ್ತವೆ. ಶ್ವಾಸನಾಳದ ಒಳಪೊರೆಯಲ್ಲಿರುವ ಸೂಕ್ಷ್ಮ ರೋಮಗಳು ಲೋಳೆಯನ್ನು ಸದಾ ಮೇಲಕ್ಕೆ ದೂಡುತ್ತ ಅವು ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುತ್ತವೆ. ಈ ರೋಮಗಳನ್ನು ಸುಸ್ತಾಗಿಸುವುದು ಅಮೋನಿಯಾ. ಗಂಜಲದಲ್ಲಿರುವ ಯೂರಿಯಾ ಸಗಣಿಯ ಜೊತೆ ಬೆರೆತಾಗ ಸಗಣಿಯಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯಾ ಬಿಡುತ್ತವೆ. ಎರಡೂ ಬೆರೆತು ಒದ್ದೆಯಾಗಿ ಉಳಿದಷ್ಟು ಹೊತ್ತು ಅನಿಲ ಏಳುತ್ತಲೇ ಇರುತ್ತದೆ, ಅದೂ ಕರುವಿನ ಮೂಗಿನ ಪಕ್ಕದಲ್ಲೇ. ಇದರ ಜೊತೆಗೆ ತಾಯಿಯ ಗಿಣ್ಣು ಹಾಲಿನಿಂದ ಬಂದ ರಕ್ಷಣೆ ವಾರಗಳು ಕಳೆದಂತೆ ಕುಗ್ಗುತ್ತದೆ, ಕರುವಿನದೇ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಕೆಮ್ಮು ಒಂದು ತಿಂಗಳ ಆಸುಪಾಸಿನಲ್ಲಿ ಹೆಚ್ಚಾಗಿ ಕಾಣುವುದು ಇದರಿಂದಲೇ.

ಇಲ್ಲಿ ಕರ್ನಾಟಕದ ಕೊಟ್ಟಿಗೆಗಳ ಒಂದು ರೂಢಿಯ ಬಗ್ಗೆ ಹೇಳಲೇಬೇಕು. ದಿನಕ್ಕೆರಡು ಬಾರಿ ಕೊಳಾಯಿ ಹಿಡಿದು ನೆಲ ತೊಳೆಯುವುದನ್ನು ಶುಚಿತ್ವದ ಗುರುತಾಗಿ ನೋಡಲಾಗುತ್ತದೆ. ಹಸುವಿನ ಮಟ್ಟಿಗೆ, ಹಾಲು ಕರೆಯುವ ಜಾಗದ ಮಟ್ಟಿಗೆ, ಅದು ಸರಿ. ಕರು ಮಲಗುವ ಜಾಗಕ್ಕೆ ಅದು ಕೆಡುಕು. ತೊಳೆದ ಸಿಮೆಂಟು ನೆಲ ಮಳೆಗಾಲದಲ್ಲಿ ದಿನವಿಡೀ ಆರುವುದಿಲ್ಲ. ನೀರಿನ ರಭಸಕ್ಕೆ ಸಗಣಿಯ ಕಣಗಳು ಹನಿಗಳಾಗಿ ಗಾಳಿಗೆ ಹಾರುತ್ತವೆ. ಒದ್ದೆ ನೆಲದ ಮೇಲೆ ಮಲಗಿದ ಕರುವಿನ ಮೈಗೂದಲು ನೆನೆದು ಶಾಖ ಹಿಡಿದಿಡುವ ಗುಣ ಕಳೆದುಕೊಳ್ಳುತ್ತದೆ. ಎಳೆಗರುವಿನ ಮೈ ಒಣಗಿದ್ದರೂ ಉಷ್ಣಾಂಶ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಬೆಚ್ಚಗಿರಲು ಅದು ಹೆಚ್ಚುವರಿ ಶಕ್ತಿ ಖರ್ಚು ಮಾಡಬೇಕು. ಮೈ ಒದ್ದೆಯಾಗಿದ್ದರೆ ಆ ಮಿತಿ ಇನ್ನೂ ಮೇಲೇರುತ್ತದೆ. ಡಿಸೆಂಬರಿನ ಬೆಳಗಿನ ಜಾವ ಕೋಲಾರದಲ್ಲೋ ಬೀದರಿನಲ್ಲೋ ಅಂಥ ಚಳಿ ಅಪರೂಪವಲ್ಲ. ಕರುವಿದ್ದಾಗ ಅದರ ಅಂಕಣವನ್ನು ಗುಡಿಸಬೇಕು, ಬಾಚಬೇಕು, ಒಣ ಹಾಸು ಸೇರಿಸಬೇಕು. ತೊಳೆಯುವುದು ಕರು ಅಲ್ಲಿಂದ ಹೊರಟ ಮೇಲೆ.

ಹಾಸು ಎಷ್ಟು ಬೇಕೆಂಬುದಕ್ಕೆ ಸರಳ ಲೆಕ್ಕವಿದೆ. ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು. ದಿನಕ್ಕೆ 5 ಲೀಟರ್ ಹಾಲು ಕುಡಿಯುವ ಕರುವಿನ ಹೊಟ್ಟೆಗೆ ನಾಲ್ಕು ಲೀಟರಿಗಿಂತ ಹೆಚ್ಚು ನೀರು ಹೋಗುತ್ತದೆ, ಅದರಲ್ಲಿ ಬಹುಪಾಲು ಗಂಜಲವಾಗಿ ನೆಲಕ್ಕೆ ಬೀಳುತ್ತದೆ. ಅಷ್ಟನ್ನೂ ಹುಲ್ಲೇ ಹೀರಲಿ ಎಂದರೆ ಹುಲ್ಲು ಸೋಲುತ್ತದೆ. ಗಂಜಲ ಕೆಳಗೆ ಹರಿದುಹೋಗಬೇಕು, ಉಳಿದ ತೇವವನ್ನಷ್ಟೇ ಹುಲ್ಲು ಹೀರಬೇಕು. ಅದಕ್ಕಾಗಿ ನೆಲಕ್ಕೆ ನಾಲ್ಕು ಅಡಿಗೆ ಒಂದು ಅಂಗುಲದ ಇಳಿಜಾರು ಕೊಟ್ಟು, ಕೊನೆಯಲ್ಲಿ ಚರಂಡಿ ಇಡುವುದು ಮೊದಲ ಕೆಲಸ. ಮಣ್ಣಿನ ನೆಲವಾದರೆ ಅರ್ಧ ಅಡಿ ಜಲ್ಲಿ ಹಾಕಿ ಅದರ ಮೇಲೆ ಹಾಸು ಹರಡಬಹುದು.

ಹಾಸಿಗೆ ಭತ್ತದ ಹುಲ್ಲು ಚೆನ್ನಾಗಿ ಒದಗುತ್ತದೆ. ಕರು ಅದರಲ್ಲಿ ಹುದುಗಿ ಕೂರಬಲ್ಲದು, ಮೈಸುತ್ತ ಬೆಚ್ಚನೆಯ ಗಾಳಿಯ ಪದರ ನಿಲ್ಲುತ್ತದೆ. ಮಲಗಿದ ಕರುವಿನ ಕಾಲುಗಳು ಹುಲ್ಲಿನಲ್ಲಿ ಮುಚ್ಚಿಹೋಗಿ ಕಾಣದಿದ್ದರೆ ಚಳಿಗಾಲಕ್ಕೆ ಹಾಸು ಸಾಕಷ್ಟಿದೆ ಎಂದರ್ಥ. ಕಾಲು ಪೂರ್ತಿ ಕಾಣುತ್ತಿದ್ದರೆ ಸಾಲದು. ರಾಗಿ ಹುಲ್ಲು ಮೇವಾಗಿಯೇ ಹೆಚ್ಚು ಬೆಲೆಬಾಳುವುದರಿಂದ ಅದನ್ನು ಹಾಸುವವರು ಕಡಿಮೆ. ತೆಂಗಿನ ನಾರಿನ ಪುಡಿಯನ್ನು ತುಮಕೂರು, ಹಾಸನದ ಕಡೆ ಬಳಸಬಹುದು. ಆದರೆ ಅದು ತೇವವನ್ನು ಬಹಳ ಹಿಡಿದಿಟ್ಟುಕೊಂಡು ಮೇಲೆ ಮಾತ್ರ ಒಣಗಿದಂತೆ ಕಾಣುತ್ತದೆ, ಬೇಸಗೆಯಲ್ಲಿ ಧೂಳೂ ಆಗುತ್ತದೆ. ಮಳೆಗೆ ನೆನೆದು ಬೂಷ್ಟು ಹಿಡಿದ ಹುಲ್ಲನ್ನು ಮಾತ್ರ ಯಾವ ಕಾರಣಕ್ಕೂ ಹಾಸಬಾರದು, ಅದರ ಬೀಜಕಣಗಳು ನೇರ ಶ್ವಾಸಕೋಶಕ್ಕೆ ಹೋಗುತ್ತವೆ. ಮಳೆಗಾಲಕ್ಕೆ ಬೇಕಾದ ಹಾಸಿನ ಹುಲ್ಲನ್ನು ಮೇ ತಿಂಗಳಲ್ಲೇ ಸೂರಿನಡಿ ಒಟ್ಟಿಡುವುದು ಇದಕ್ಕಾಗಿ.

ಮಲೆನಾಡು, ಕರಾವಳಿಯ ಹಟ್ಟಿಗಳಲ್ಲಿ ಸೊಪ್ಪು, ದರಗು ಹಾಸಿ, ಅದರ ಮೇಲೆ ಮತ್ತೆ ಹಾಸಿ, ತಿಂಗಳುಗಟ್ಟಲೆ ಬಿಟ್ಟು ಗೊಬ್ಬರ ಮಾಡುವ ಪದ್ಧತಿಯಿದೆ. ತೋಟಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರ ಸಿಗದು. ಆದರೆ ಅಡಿಯಲ್ಲಿ ಸದಾ ಕೊಳೆಯುತ್ತಿರುವ ಆ ಪದರದ ಮೇಲೆ ಎಳೆಗರು ಮಲಗಬಾರದು. ಹಸುಗಳ ಕಡೆ ಗೊಬ್ಬರದ ಹಟ್ಟಿ ಮುಂದುವರಿಯಲಿ, ಕರುಗಳಿಗೆ ಬೇರೆ ಒಣ ನೆಲವಿರಲಿ.

ಗಾಳಿಯಾಟದ ವಿಷಯದಲ್ಲಿ ದೊಡ್ಡ ತಪ್ಪು ತಿಳಿವಳಿಕೆಯೆಂದರೆ ಹಸುವಿನ ಕೊಟ್ಟಿಗೆಗೆ ಸರಿಹೋಗುವುದು ಕರುಗಳಿಗೂ ಸರಿಹೋಗುತ್ತದೆ ಎಂಬುದು. ಹತ್ತಾರು ಹಸುಗಳ ಮೈಶಾಖಕ್ಕೆ ಗಾಳಿ ಕಾದು ಮೇಲೇರಿ ಚಾವಣಿಯ ನೆತ್ತಿಯ ಕಂಡಿಯಿಂದ ಹೊರಹೋಗುತ್ತದೆ. ನಾಲ್ಕು ಕರುಗಳ ಶಾಖ ಅದಕ್ಕೆ ಸಾಲದು, ಅವುಗಳ ಜಾಗದ ಗಾಳಿ ಬದಲಾಗಬೇಕಾದರೆ ಹೊರಗಿನ ಗಾಳಿಯೇ ಹಾಯ್ದುಹೋಗಬೇಕು. ಹಾಗೆಂದು ಬೀಸುಗಾಳಿ ಮಲಗಿದ ಕರುವಿನ ಮೈಗೆ ತಗಲಲೂಬಾರದು. ಎರಡನ್ನೂ ಸಾಧಿಸುವ ದಾರಿ ಗೋಡೆಯ ಎತ್ತರ: ನೆಲದಿಂದ ಮೂರು ಅಡಿಯವರೆಗೆ ಸಂದಿಲ್ಲದ ಗೋಡೆ, ಅಲ್ಲಿಂದ ಸೂರಿನವರೆಗೆ ಬರೀ ಜಾಲರಿ. ಎರಚಲು ತಡೆಯಲು ಟಾರ್ಪಾಲು ಕಟ್ಟುವಾಗ ಅದರ ಕೆಳ ಅಂಚನ್ನು ಗೋಡೆಗೆ ಬಿಗಿದು, ಮೇಲಿನ ಅಂಚನ್ನು ಹಗ್ಗದಿಂದ ಏರಿಸಿ ಇಳಿಸುವಂತಿರಬೇಕು. ಸಾಮಾನ್ಯವಾಗಿ ಆಗುವುದು ಇದರ ತಿರುವುಮುರುವು. ಪರದೆಯನ್ನು ಮೇಲಕ್ಕೆ ಕಟ್ಟಿ ಕೆಳಗಿನಿಂದ ಸುತ್ತಿ ಎತ್ತುತ್ತಾರೆ, ತಣ್ಣನೆಯ ಗಾಳಿ ನೇರ ಕರುವಿಗೆ ಬಡಿದು ಕೆಟ್ಟ ಗಾಳಿ ಮೇಲೆ ಉಳಿಯುತ್ತದೆ. ಜೋರು ಮಳೆಯ ರಾತ್ರಿಯಲ್ಲೂ ಸೂರಿನ ಕೆಳಗೆ ಒಂದು ಅಡಿ ತೆರೆದೇ ಇರಬೇಕು.

ಪ್ರತ್ಯೇಕ ಅಂಕಣಗಳ ಬಗ್ಗೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪಶುವೈದ್ಯರು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಕಣ್ಣು ತೆರೆಸುವಂಥದ್ದು. ಅಲ್ಲಿನ ಚಳಿಗಾಲದಲ್ಲಿ ಕರುಗಳ ಕೊಟ್ಟಿಗೆಗಳನ್ನು ಪರೀಕ್ಷಿಸಿದಾಗ, ಪಕ್ಕದ ಕರುವಿಗೂ ಇದಕ್ಕೂ ನಡುವೆ ಸಂದಿಲ್ಲದ ತಡೆ ಇದ್ದಲ್ಲಿ, ಹಾಸು ಆಳವಾಗಿದ್ದಲ್ಲಿ, ಅಂಕಣದೊಳಗಿನ ಗಾಳಿಯಲ್ಲಿ ಬ್ಯಾಕ್ಟೀರಿಯಾ ಕಡಿಮೆಯಿದ್ದಲ್ಲಿ ಶ್ವಾಸರೋಗವೂ ಕಡಿಮೆಯಿತ್ತು. ಆದರೆ ಅಂಕಣದ ಸುತ್ತ ತಡೆಗಳು ಹೆಚ್ಚಿದಂತೆ ಒಳಗಿನ ಗಾಳಿಯ ಬ್ಯಾಕ್ಟೀರಿಯಾವೂ ಹೆಚ್ಚಿತ್ತು. ನಡೆದಾರಿಯಲ್ಲಿ ಗಾಳಿ ಚೆನ್ನಾಗಿದ್ದರೂ ಪೆಟ್ಟಿಗೆಯಂಥ ಅಂಕಣದೊಳಗೆ ಅದು ಕೆಟ್ಟಿರಬಹುದು. ಎರಡು ಕರುಗಳ ನಡುವೆ ಮಾತ್ರ ಗಟ್ಟಿ ತಡೆ, ಮುಂದೆ ಮತ್ತು ಮೇಲೆ ಸಾಧ್ಯವಾದಷ್ಟು ತೆರೆದ ಜಾಗ ಎಂಬ ವಿನ್ಯಾಸ ಬಂದದ್ದು ಹೀಗೆ.

ಇದೆಲ್ಲವನ್ನೂ ದಕ್ಷಿಣ ಕರ್ನಾಟಕದ ಬಯಲಿನಲ್ಲಿ ಹತ್ತು ಮಿಶ್ರತಳಿ ಹಸುಗಳಿರುವ ಮನೆಗೆ ಅನ್ವಯಿಸಿ ನೋಡಬಹುದು. ವರ್ಷಕ್ಕೆ ಹೆಚ್ಚೆಂದರೆ ಹತ್ತು ಕರು. ಪ್ರತಿ ಕರು ಎರಡು ತಿಂಗಳು ಅಂಕಣದಲ್ಲಿದ್ದು, ಆಮೇಲೆ ಎರಡು ವಾರ ಅಂಕಣ ಖಾಲಿ ಒಣಗಬೇಕೆಂದರೆ ಒಂದು ಕರುವಿಗೆ 75 ದಿನ. ಹತ್ತು ಕರುಗಳಿಗೆ 750 ದಿನ, ಅಂದರೆ ಲೆಕ್ಕದಲ್ಲಿ ಎರಡು ಅಂಕಣ ಹೆಚ್ಚುಕಡಿಮೆ ಸಾಕು. ಆದರೆ ಹಸುಗಳು ಲೆಕ್ಕದಂತೆ ಈಯುವುದಿಲ್ಲ, ಒಂದೇ ತಿಂಗಳಲ್ಲಿ ಮೂರು ಈದುಬಿಡಬಹುದು. ನಾಲ್ಕು ಅಂಕಣ ಕಟ್ಟುವುದು ಜಾಣತನ.

ಒಂದೊಂದು ಅಂಕಣ ನಾಲ್ಕು ಅಡಿ ಅಗಲ, ಏಳು ಅಡಿ ಉದ್ದ. ನಾಲ್ಕೂ ಸೇರಿ ಹದಿನಾರು ಅಡಿ ಸಾಲು, ಮುಂದೆ ನಾಲ್ಕು ಅಡಿಯ ನಡೆದಾರಿ. ನಡುವಿನ ತಡೆಗೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಿಗುವ ಚಪ್ಪಡಿ ಕಲ್ಲು ಗಟ್ಟಿ, ತೊಳೆಯಲು ಸುಲಭ. ಅದು ತಣ್ಣಗಿರುವುದರಿಂದ ಅದರ ಬುಡಕ್ಕೆ ಹುಲ್ಲು ಒತ್ತಿಡಬೇಕು. ನಾಲ್ಕು ಅಡಿ ಎತ್ತರದ ಈ ತಡೆ ಮುಂಬಾಗಿಲಿಗಿಂತ ಒಂದು ಅಡಿ ಮುಂದೆ ಚಾಚಿರಬೇಕು, ಇಲ್ಲದಿದ್ದರೆ ಕರುಗಳು ಕತ್ತು ಹೊರಹಾಕಿ ಮೂಗಿಗೆ ಮೂಗು ತಾಗಿಸುತ್ತವೆ. ಬಾಗಿಲು ಸರಳುಗಳದ್ದು. ಇಳಿಜಾರು ಮುಂದಕ್ಕೆ, ಚರಂಡಿ ಬಾಗಿಲಿನ ಹೊರಗೆ, ನೀರಿನ ಬಕೆಟ್ಟು ಆ ಚರಂಡಿಯ ಮೇಲೆ. ಚೆಲ್ಲಿದ ನೀರು ಹಾಸಿಗೆ ತಾಗದೆ ಹೋಗುತ್ತದೆ. ಒಂದು ಅಂಕಣದ ಗಂಜಲ ಇನ್ನೊಂದರೊಳಗೆ ಹರಿಯುವಂತೆ ಕಟ್ಟಿದರೆ ಬೇರ್ಪಡಿಸಿದ ಶ್ರಮವೆಲ್ಲ ವ್ಯರ್ಥ.

ಚಾವಣಿ ಒಂದೇ ಇಳಿಜಾರಿನದು ಸಾಕು. ಪಶ್ಚಿಮಕ್ಕೆ ಹಿಂಬದಿಯ ತಗ್ಗು ಸೂರು, ಏಳೂವರೆ ಅಡಿ. ಪೂರ್ವಕ್ಕೆ ಮುಂಬದಿ, ಹತ್ತು ಅಡಿ. ಬೆಳಗಿನ ಬಿಸಿಲು ಅಂಕಣದೊಳಕ್ಕೆ ಬೀಳುತ್ತದೆ, ಮುಂಗಾರಿನ ಗಾಳಿ ಹಿಂಗೋಡೆಯ ಮೇಲಿನಿಂದ ನುಗ್ಗಿ ಮುಂಬದಿಯ ಎತ್ತರದಿಂದ ಹೊರಹೋಗುತ್ತದೆ. ಎರಚಲಿಗೆ ಹಿಂದೆ ಮೂರು ಅಡಿ ಸೂರು ಚಾಚಿರಬೇಕು. ಹಸುವಿನ ಕೊಟ್ಟಿಗೆಯಿಂದ ಇದು ಯಾವ ದಿಕ್ಕಿನಲ್ಲಿರಬೇಕು? ಮುಂಗಾರು ನೈರುತ್ಯದಿಂದ ಬೀಸುತ್ತದೆ, ಹಿಂಗಾರು ಈಶಾನ್ಯದಿಂದ. ಆ ಎರಡರ ಸಾಲಿನಲ್ಲಿ ಕರುಗಳಿದ್ದರೆ ವರ್ಷದಲ್ಲಿ ಒಂದಲ್ಲ ಒಂದು ಕಾಲದಲ್ಲಿ ದೊಡ್ಡ ದನಗಳ ಉಸಿರು ಅವಕ್ಕೆ ತಾಗುತ್ತದೆ. ವಾಯವ್ಯ ಅಥವಾ ಆಗ್ನೇಯ ಮೂಲೆ ವಾಸಿ. ಜಾಗದ ಕಟ್ಟುಪಾಡಿದ್ದರೆ ಕನಿಷ್ಠ ಹಸುಗಳ ಫ್ಯಾನು ಕರುಗಳತ್ತ ಬೀಸದಂತೆ ನೋಡಿಕೊಳ್ಳಬೇಕು.

ಹಾಲು ಕರೆಯುವ ಮುನ್ನ ಕರುವನ್ನು ಕೆಚ್ಚಲಿಗೆ ಬಿಡುವ ಮನೆಗಳಲ್ಲಿ ಪೂರ್ತಿ ಬೇರ್ಪಡಿಕೆ ಆಗದು. ಅದರಿಂದ ವ್ಯವಸ್ಥೆ ಕೆಡುವುದೂ ಇಲ್ಲ, ಉಂಡ ಕರು ತಕ್ಷಣ ತನ್ನ ಅಂಕಣಕ್ಕೆ ಮರಳಿದರೆ ಸಾಕು. ಎರಡು ತಿಂಗಳಾದ ಮೇಲೆ ಒಂಟಿಯಾಗಿಡುವುದೂ ಸರಿಯಲ್ಲ. ಕರುಗಳು ಜೊತೆಗಾರರನ್ನು ನೋಡಿ ಮೇವು ತಿನ್ನಲು ಕಲಿಯುತ್ತವೆ. ಐರೋಪ್ಯ ಒಕ್ಕೂಟದ ನಿಯಮಗಳು ಎಂಟು ವಾರ ದಾಟಿದ ಕರುವನ್ನು, ಪಶುವೈದ್ಯರು ಹೇಳದ ಹೊರತು, ಒಂಟಿಯಾಗಿಡಲು ಬಿಡುವುದಿಲ್ಲ. ಹೆಚ್ಚುಕಡಿಮೆ ಒಂದೇ ವಯಸ್ಸಿನ ನಾಲ್ಕೈದು ಕರುಗಳನ್ನು ಕೂಡಿಸಬಹುದು. ಐದು ತಿಂಗಳ ಕರುವಿನ ಜೊತೆ ಎರಡು ತಿಂಗಳಿನದನ್ನು ಬಿಟ್ಟರೆ ದೊಡ್ಡದರ ಸೋಂಕು ಚಿಕ್ಕದಕ್ಕೆ ಬರುತ್ತದೆ.

ಕಟ್ಟಿದ್ದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಮಂಡಿಯೂರಿದರೆ ಸಾಕು. ಕರು ಮಲಗುವ ಕಡೆ ಹಾಸಿನ ಮೇಲೆ ಅರ್ಧ ನಿಮಿಷ ಮಂಡಿಯೂರಿ ಎದ್ದಾಗ ಬಟ್ಟೆ ತೇವವಾಗಿದ್ದರೆ ಹಾಸು ಬದಲಾಗಬೇಕು. ಆ ಅರ್ಧ ನಿಮಿಷದಲ್ಲಿ ತಲೆ ಬಗ್ಗಿಸಿ ಉಸಿರೆಳೆದು ನೋಡಬೇಕು. ಮೂಗಿಗೆ ಘಾಟು ಹತ್ತಿದರೆ, ಕಣ್ಣು ಚುರುಗುಟ್ಟಿದರೆ, ಕರು ಇಡೀ ರಾತ್ರಿ ಅದನ್ನೇ ಸೇವಿಸಿದೆ. ಬೆಳಗಿನ ಜಾವ, ಬಾಗಿಲು ತೆಗೆಯುವ ಮುಂಚೆ ನೋಡಿದರೆ ನಿಜ ತಿಳಿಯುತ್ತದೆ, ಮಧ್ಯಾಹ್ನ ಎಲ್ಲವೂ ಒಣಗಿದಂತೆ ಕಾಣುತ್ತದೆ. ಶೀಟಿನ ಒಳಮೈಯಲ್ಲಿ ಹನಿಗಟ್ಟಿದ್ದರೆ, ಜಂತಿಯ ನಡುವೆ ಜೇಡರ ಬಲೆ ದಟ್ಟವಾಗಿದ್ದರೆ, ಗಾಳಿ ನಿಂತಿದೆ ಎಂದರ್ಥ.

ಜಾಗ ಎಷ್ಟೇ ಚೆನ್ನಾಗಿದ್ದರೂ ಹುಟ್ಟಿದ ಮೊದಲ ಗಂಟೆಗಳಲ್ಲಿ ಮೈತೂಕದ ಹತ್ತನೇ ಒಂದು ಪಾಲು ಗಿಣ್ಣು ಹಾಲು ಕುಡಿಯದ ಕರುವನ್ನು ಅದು ಉಳಿಸಲಾರದು. ಮೂವತ್ತು ಕಿಲೊ ಕರುವಿಗೆ ಅದು ಮೂರು ಲೀಟರ್. ಕೆಮ್ಮು, ಜೋತ ಕಿವಿ, ಮೂಗಿನಿಂದ ಗಟ್ಟಿ ಸಿಂಬಳ, 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ ಕಂಡ ದಿನವೇ ಪಶುವೈದ್ಯರನ್ನು ಕರೆಸಬೇಕು. ಕಾಯಿಲೆ ಬಿದ್ದ ಕರುವನ್ನು ಆಗ ಬೀಸುತ್ತಿರುವ ಗಾಳಿಯ ಕೊನೆಗೆ ಸಿಗುವ ಅಂಕಣಕ್ಕೆ ಸರಿಸಿ, ಅದಕ್ಕೆ ಹಾಲುಣಿಸುವುದನ್ನು ಎಲ್ಲಕ್ಕಿಂತ ಕಡೆಗೆ ಇಟ್ಟುಕೊಳ್ಳಬೇಕು. ಅದು ಹೊರಟ ಮೇಲೆ ಹಾಸನ್ನೆಲ್ಲ ತಿಪ್ಪೆಗೆ ಸಾಗಿಸಿ, ನೆಲ ಉಜ್ಜಿ ತೊಳೆದು, ಸುಣ್ಣ ಬಳಿದು, ಎರಡು ವಾರ ಒಣಗಲು ಬಿಟ್ಟ ನಂತರವೇ ಮುಂದಿನ ಕರುವಿಗೆ ಹೊಸ ಹುಲ್ಲು ಹರಡಬೇಕು.