ಪ್ರಿಪ್ರಿಂಟೋ, ಜರ್ನಲ್ಲೋ: ಉಲ್ಲೇಖಿಸುವ ಮುನ್ನ ಬಿಡಬೇಕಾದ ಐದು ತಪ್ಪು ಕಲ್ಪನೆಗಳು

ಒಂದೇ ಸಂಶೋಧನೆ ಎರಡು ಸಲ ಹೊರಬರುವುದು ಈಗ ಮಾಮೂಲು. ಮೊದಲು ಲೇಖಕರೇ ಅದನ್ನು ಪ್ರಿಪ್ರಿಂಟ್ ತಾಣಕ್ಕೆ ಏರಿಸುತ್ತಾರೆ. ಆಮೇಲೆ ಪರಿಣತರ ಪರಿಶೀಲನೆ ಮುಗಿಸಿಕೊಂಡು ಅದೇ ಲೇಖನ ಜರ್ನಲ್ಲಿನಲ್ಲಿ ಬರುತ್ತದೆ. ಪಿಎಚ್.ಡಿ. ಪ್ರಬಂಧವನ್ನೋ ವಿಮರ್ಶಾ ಲೇಖನವನ್ನೋ ಬರೆಯುವವರ ಮುಂದೆ ಆಗ ಎರಡು ಪ್ರತಿಗಳಿರುತ್ತವೆ. ಯಾವುದನ್ನು ಉಲ್ಲೇಖಿಸಬೇಕು? ಈ ಬಗ್ಗೆ ಗೈಡ್‌ನಿಂದ ವಿದ್ಯಾರ್ಥಿಗೆ ಸಾಗಿಬಂದಿರುವ ಕೆಲವು ನಂಬಿಕೆಗಳನ್ನು, ಕೋವಿಡ್ ಕಾಲದಲ್ಲಿ ಹೆಸರಾದ ಒಂದು ಔಷಧ ಪ್ರಯೋಗವನ್ನು ಹಿಡಿದು ನೋಡೋಣ. ಅದು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ನಡೆದ ರಿಕವರಿ ಪ್ರಯೋಗ. ಪರೀಕ್ಷಿಸಿದ ಔಷಧ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್.

ತಪ್ಪು ಕಲ್ಪನೆ 1: ಎರಡೂ ಒಂದೇ ಲೇಖನ, ಯಾವುದನ್ನು ಹಾಕಿದರೂ ನಡೆಯುತ್ತದೆ

ವಾಸ್ತವ: ರಿಕವರಿಯ ಪ್ರಿಪ್ರಿಂಟ್ 2020ರ ಜೂನ್ 22ರಂದು ಮೆಡ್‌ಆರ್ಕೈವ್ ತಾಣಕ್ಕೆ ಬಂತು. ಔಷಧ ಪಡೆದ ಗುಂಪಿನಲ್ಲಿ 2,104 ರೋಗಿಗಳು, ಎಂದಿನ ಚಿಕಿತ್ಸೆಯಷ್ಟೇ ಪಡೆದ ಗುಂಪಿನಲ್ಲಿ 4,321 ರೋಗಿಗಳು. 28 ದಿನಗಳೊಳಗೆ ಮೊದಲ ಗುಂಪಿನಲ್ಲಿ 454 ಮಂದಿ, ಅಂದರೆ ಶೇ 21.6ರಷ್ಟು, ಎರಡನೆಯದರಲ್ಲಿ 1,065 ಮಂದಿ, ಅಂದರೆ ಶೇ 24.6ರಷ್ಟು, ತೀರಿಕೊಂಡರು ಎಂದು ಅದರಲ್ಲಿತ್ತು.

ಜುಲೈ 17ರಂದು ಇದೇ ಲೇಖನ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಆನ್‌ಲೈನ್ ಆಗಿ ಬಂತು. ರೋಗಿಗಳು ಅವರೇ, ಗುಂಪುಗಳೂ ಅವೇ. ಸಾವಿನ ಸಂಖ್ಯೆ ಮಾತ್ರ 482 ಮತ್ತು 1,110 ಆಗಿತ್ತು. ಶೇಕಡಾವಾರು 22.9 ಮತ್ತು 25.7.

ಇದು ಪರಿಶೀಲಕರು ಹಿಡಿದ ತಪ್ಪಲ್ಲ. ಡೆಕ್ಸಾಮೆಥಾಸೋನ್ ಗುಂಪಿಗೆ ರೋಗಿಗಳನ್ನು ಸೇರಿಸಿಕೊಳ್ಳುವುದು ನಿಂತದ್ದು ಜೂನ್ 8ಕ್ಕೆ. ಕೊನೆಯಲ್ಲಿ ಸೇರಿದವರಿಗೆ 28 ದಿನ ತುಂಬುವುದು ಜುಲೈ 6ಕ್ಕೆ. ಜೂನ್ 22ರ ಪ್ರಿಪ್ರಿಂಟ್‌ನಲ್ಲಿ ಆ ಲೆಕ್ಕ ಪೂರ್ತಿಯಾಗಿರಲು ಸಾಧ್ಯವೇ ಇರಲಿಲ್ಲ. ಜರ್ನಲ್ ಪ್ರತಿಯ ಹೊತ್ತಿಗೆ ಗಡುವು ಮುಗಿದು, ಬಾಕಿ ಇದ್ದ ಮಾಹಿತಿ ಸೇರಿತ್ತು. ಎರಡೂ ಗುಂಪುಗಳಲ್ಲಿ ಸಾವುಗಳು ಹೆಚ್ಚಾದ್ದರಿಂದ ತೀರ್ಮಾನ ಅಲುಗಾಡಲಿಲ್ಲ. ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ತೆಗೆದ ಅನುಪಾತ ಎರಡರಲ್ಲೂ 0.83.

ಹಾಗಾಗಿ ಈ ಔಷಧ ಎಷ್ಟು ಜೀವ ಉಳಿಸುತ್ತದೆ ಎಂದು ಬರೆಯುವವರು ಜರ್ನಲ್ ಪ್ರತಿಯನ್ನೇ ಹಿಡಿಯಬೇಕು. ಏಕೆಂದರೆ ಪೂರ್ಣ ದತ್ತಾಂಶ ಇರುವುದು ಅದರಲ್ಲಿ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಶಿಫಾರಸು ಕೂಡ ಇದೇ: ಪ್ರಿಪ್ರಿಂಟ್ ಆಮೇಲೆ ಜರ್ನಲ್ಲಿನಲ್ಲಿ ಬಂದಿದ್ದರೆ, ಸೂಕ್ತವಾದ ಕಡೆಗಳಲ್ಲೆಲ್ಲ ಜರ್ನಲ್ ಲೇಖನವನ್ನೇ ಉಲ್ಲೇಖಿಸಿ.

ಇಲ್ಲೇ ಒಂದು ಎಡವಟ್ಟು ಆಗುವುದುಂಟು. ಓದಿ ಟಿಪ್ಪಣಿ ಮಾಡಿಕೊಂಡದ್ದು ಪ್ರಿಪ್ರಿಂಟ್‌ನಿಂದ. ಸಲ್ಲಿಸುವ ಹಿಂದಿನ ದಿನ ಉಲ್ಲೇಖ ಪಟ್ಟಿಯಲ್ಲಿ ಮಾತ್ರ ಜರ್ನಲ್ ಹೆಸರು ಕೂರುತ್ತದೆ. ಆಗ ಮುಖ್ಯ ಪಠ್ಯದಲ್ಲಿ ‘ಶೇ 21.6’ ಎಂದಿದ್ದು, ಅಡಿಯಲ್ಲಿ ತೋರಿಸಿದ ಲೇಖನದಲ್ಲಿ ಶೇ 22.9 ಎಂದಿರುತ್ತದೆ. ಪರೀಕ್ಷಕರು ಮೂಲ ತೆಗೆದು ನೋಡಿದರೆ ಮೊದಲ ನೋಟಕ್ಕೇ ಸಿಕ್ಕಿಬೀಳುವ ತಪ್ಪು ಇದು. ಉಲ್ಲೇಖ ಬದಲಿಸಿದಿರಾದರೆ ಅದನ್ನು ನೆಚ್ಚಿರುವ ಪ್ರತಿ ಅಂಕಿಯನ್ನೂ ಹೊಸ ಪ್ರತಿಯೊಂದಿಗೆ ತಾಳೆ ನೋಡಿ.

ತಪ್ಪು ಕಲ್ಪನೆ 2: ಜರ್ನಲ್ಲಿನಲ್ಲಿ ಬಂದ ಮೇಲೆ ಪ್ರಿಪ್ರಿಂಟ್ ಉಲ್ಲೇಖಿಸಲೇಬಾರದು

ವಾಸ್ತವ: ನಿಮ್ಮ ವಾಕ್ಯ ಏನು ಹೇಳುತ್ತಿದೆ ಎಂಬುದರ ಮೇಲೆ ಇದು ನಿಂತಿದೆ. 2020ರ ಜೂನ್ 27ರಂದು ಭಾರತದ ಆರೋಗ್ಯ ಸಚಿವಾಲಯ ತನ್ನ ಕೋವಿಡ್ ಚಿಕಿತ್ಸಾ ಮಾರ್ಗಸೂಚಿಯನ್ನು ಪರಿಷ್ಕರಿಸಿ, ಮೀಥೈಲ್‌ಪ್ರೆಡ್ನಿಸೊಲೋನ್‌ಗೆ ಪರ್ಯಾಯವಾಗಿ ಡೆಕ್ಸಾಮೆಥಾಸೋನ್ ಕೊಡಬಹುದು ಎಂದಿತು. ಆ ದಿನ ಜರ್ನಲ್ ಲೇಖನ ಇರಲೇ ಇಲ್ಲ. ಅದು ಬರಲು ಇನ್ನೂ ಇಪ್ಪತ್ತು ದಿನಗಳಿದ್ದವು. ಬಹಿರಂಗವಾಗಿ ಇದ್ದದ್ದು ಫಲಿತಾಂಶದ ಬಗ್ಗೆ ರಿಕವರಿ ತಂಡ ಜೂನ್ 16ರಂದು ಹೊರಡಿಸಿದ ಪ್ರಕಟಣೆ ಮತ್ತು ಜೂನ್ 22ರ ಪ್ರಿಪ್ರಿಂಟ್.

ಈಗ ಒಬ್ಬ ಸಂಶೋಧಕಿ ‘ಮಾರ್ಗಸೂಚಿ ಬದಲಾದಾಗ ಲಭ್ಯವಿದ್ದ ಪುರಾವೆ’ ಎಂಬ ಅಧ್ಯಾಯ ಬರೆಯುತ್ತಿದ್ದಾರೆ ಎನ್ನಿ. ಅಲ್ಲಿ ಅವರು ಜರ್ನಲ್ ಲೇಖನವನ್ನು ಉಲ್ಲೇಖಿಸಿದರೆ, ಜೂನ್‌ನ ನಿರ್ಧಾರಕ್ಕೆ ಜುಲೈನ ಅಂಕಿಗಳನ್ನು ಆಧಾರವಾಗಿ ತೋರಿಸಿದಂತಾಗುತ್ತದೆ. ಅದು ಇತಿಹಾಸವನ್ನು ತಿರುಚುವುದು. ಆ ಅಧ್ಯಾಯಕ್ಕೆ ಪ್ರಿಪ್ರಿಂಟೇ ಸರಿಯಾದ ಮೂಲ. ಅದೇ ಪ್ರಬಂಧದಲ್ಲಿ ಔಷಧದ ಪರಿಣಾಮವನ್ನು ಚರ್ಚಿಸುವ ಅಧ್ಯಾಯಕ್ಕೆ ಜರ್ನಲ್ ಲೇಖನ. ಎರಡೂ ಪಟ್ಟಿಯಲ್ಲಿರಬಹುದು, ಒಂದೊಂದೂ ತನ್ನ ಜಾಗದಲ್ಲಿ.

ಒಂದು ಫಲಿತಾಂಶವನ್ನು ಯಾರು ಮೊದಲು ಹೇಳಿದರು ಎಂಬ ಚರ್ಚೆಗೂ, ಜರ್ನಲ್ ಪ್ರತಿಯಲ್ಲಿ ಕೈಬಿಟ್ಟ ಕೋಷ್ಟಕವನ್ನೋ ವಿವರವನ್ನೋ ಬಳಸುವಾಗಲೂ ಇದೇ ನಿಯಮ. ಆದರೆ ಲೇಖಕರು ಅದನ್ನೇಕೆ ಬಿಟ್ಟಿರಬಹುದು ಎಂದು ಯೋಚಿಸಿಯೇ ಬಳಸಬೇಕು.

ತಪ್ಪು ಕಲ್ಪನೆ 3: ಪ್ರಿಪ್ರಿಂಟ್‌ನ ಸಂಖ್ಯೆ ಕೊಟ್ಟರೆ ಸಾಕು, ಆವೃತ್ತಿ ಬೇಕಿಲ್ಲ

ವಾಸ್ತವ: ಪ್ರಿಪ್ರಿಂಟ್ ಎಂಬುದೇ ಒಂದು ಪ್ರತಿಯಲ್ಲ, ಅದಕ್ಕೂ ಆವೃತ್ತಿಗಳಿವೆ. ಭೌತಶಾಸ್ತ್ರದ ಒಪೇರಾ ಪ್ರಯೋಗ ಇದಕ್ಕೆ ದೊಡ್ಡ ಪಾಠ. ಜಿನೀವಾ ಬಳಿಯ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸ್ಸೊ ಪ್ರಯೋಗಾಲಯಕ್ಕೆ ಸುಮಾರು 730 ಕಿ.ಮೀ. ಸಾಗಿದ ನ್ಯೂಟ್ರಿನೊಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮುಂಚೆ ತಲುಪಿದವು ಎಂದು 2011ರ ಸೆಪ್ಟೆಂಬರ್‌ನಲ್ಲಿ ಈ ತಂಡ ಆರ್ಕೈವ್ ತಾಣದಲ್ಲಿ ಪ್ರಕಟಿಸಿತು. ಜಗತ್ತೆಲ್ಲ ಸುದ್ದಿಯಾಯಿತು. ಆಮೇಲೆ ನೋಡಿದರೆ ಆಪ್ಟಿಕಲ್ ಫೈಬರ್ ಕೇಬಲ್ಲೊಂದು ಸರಿಯಾಗಿ ಕೂತಿರಲಿಲ್ಲ. 2012ರಲ್ಲಿ ಜರ್ನಲ್ಲಿನಲ್ಲಿ ಬಂದ ಲೇಖನದ ಪ್ರಕಾರ ಬೆಳಕಿನ ವೇಗಕ್ಕೂ ನ್ಯೂಟ್ರಿನೊಗಳ ವೇಗಕ್ಕೂ ಗುರುತಿಸುವಂಥ ವ್ಯತ್ಯಾಸವೇ ಇಲ್ಲ.

ಶೀರ್ಷಿಕೆ ಅದೇ, ಆರ್ಕೈವ್ ಸಂಖ್ಯೆಯೂ ಅದೇ, ತೀರ್ಮಾನ ಮಾತ್ರ ತಿರುಗುಮುರುಗು. ಆರ್ಕೈವ್‌ನಲ್ಲಿ ಬರೀ ಸಂಖ್ಯೆ ಕೊಟ್ಟರೆ ತೆರೆಯುವುದು ಇತ್ತೀಚಿನ ಆವೃತ್ತಿ:

```
arXiv:1109.4897      (ಇತ್ತೀಚಿನ ಆವೃತ್ತಿ ತೆರೆಯುತ್ತದೆ)
arXiv:1109.4897v1    (2011ರ ಮೊದಲ ಆವೃತ್ತಿ)
```

‘ಬೆಳಕಿಗಿಂತ ವೇಗ ಎಂದು ತಂಡ ಹೇಳಿತ್ತು’ ಎಂದು ಬರೆದು ಮೊದಲ ಸಾಲಿನ ಸಂಖ್ಯೆ ಕೊಟ್ಟರೆ, ಓದುಗರಿಗೆ ಸಿಗುವುದು ಅದಕ್ಕೆ ವಿರುದ್ಧವಾದ ಲೇಖನ. ಕೊನೆಯ ಆ ಪುಟ್ಟ v1 ಇದ್ದರೆ ಮಾತ್ರ ಮಾತಿಗೂ ಮೂಲಕ್ಕೂ ಹೊಂದಾಣಿಕೆ. ಪ್ರಿಪ್ರಿಂಟ್ ಉಲ್ಲೇಖಿಸುವಾಗ ಅದು ಪ್ರಿಪ್ರಿಂಟ್ ಎಂದು ಸ್ಪಷ್ಟವಾಗಿ ನಮೂದಿಸಿ, ಆವೃತ್ತಿ ಮತ್ತು ಅದರ ದಿನಾಂಕವನ್ನೂ ಕೊಡಿ.

ತಪ್ಪು ಕಲ್ಪನೆ 4: ಯಾವುದಕ್ಕೂ ಇರಲಿ ಎಂದು ಎರಡನ್ನೂ ಹಾಕಿಬಿಟ್ಟರೆ ಕ್ಷೇಮ

ವಾಸ್ತವ: ಒಂದೇ ಮಾತಿನ ಬೆನ್ನಿಗೆ ಎರಡನ್ನೂ ಒಟ್ಟಿಗೆ ಹಾಕಿದರೆ, ಎರಡು ಬೇರೆ ಬೇರೆ ಅಧ್ಯಯನಗಳು ಒಂದೇ ಫಲಿತಾಂಶ ಕೊಟ್ಟಿವೆ ಎಂಬ ಭ್ರಮೆ ಹುಟ್ಟುತ್ತದೆ. ಹಲವು ಅಧ್ಯಯನಗಳ ಅಂಕಿಗಳನ್ನು ಕೂಡಿಸಿ ನೋಡುವ ಮೆಟಾ ಅನಾಲಿಸಿಸ್‌ನಲ್ಲಂತೂ ಇದು ನೇರ ಹಾನಿ. ರಿಕವರಿಯ ಈ ಎರಡು ಗುಂಪುಗಳಲ್ಲಿ ಇದ್ದವರು ಒಟ್ಟು 6,425 ರೋಗಿಗಳು. ಎರಡೂ ಪ್ರತಿಗಳನ್ನು ಲೆಕ್ಕಕ್ಕೆ ತಗೊಂಡರೆ ಅವರೇ 12,850 ಆಗುತ್ತಾರೆ. ಪ್ರಯೋಗದ ತೂಕ ಇಮ್ಮಡಿಯಾಗಿ, ಫಲಿತಾಂಶ ಇರುವುದಕ್ಕಿಂತ ಹೆಚ್ಚು ಖಚಿತವೆಂಬಂತೆ ಕಾಣುತ್ತದೆ.

ಎರಡು ಲೇಖನಗಳ ಹಿಂದೆ ಇರುವುದು ಒಂದೇ ಪ್ರಯೋಗವೇ ಎಂದು ತಿಳಿಯಲು ಶೀರ್ಷಿಕೆಯನ್ನು ನಂಬಬೇಡಿ, ಅದು ಬದಲಾಗಿರಬಹುದು. ಔಷಧ ಪ್ರಯೋಗವಾದರೆ ನೋಂದಣಿ ಸಂಖ್ಯೆ ನೋಡಿ. ರಿಕವರಿಯದು NCT04381936. ಒಂದೇ ಪ್ರಯೋಗದಿಂದ ಬೇರೆ ಔಷಧಗಳ ಬಗ್ಗೆಯೂ ಲೇಖನಗಳು ಬಂದಿರಬಹುದಾದ್ದರಿಂದ, ಸಂಖ್ಯೆ ಹೊಂದಿದ ಮೇಲೆ ಔಷಧವನ್ನೂ ಗುಂಪುಗಳ ಗಾತ್ರವನ್ನೂ ಹೋಲಿಸಬೇಕು. 2,104 ಮತ್ತು 4,321 ಎರಡೂ ಕಡೆ ಕಂಡರೆ ಅನುಮಾನಕ್ಕೆ ಜಾಗವಿಲ್ಲ.

ತಪ್ಪು ಕಲ್ಪನೆ 5: ಪ್ರಿಪ್ರಿಂಟ್ ಪುಟದಲ್ಲಿ ಕೊಂಡಿ ಇಲ್ಲದಿದ್ದರೆ ಅದು ಪ್ರಕಟವಾಗಿಲ್ಲ, ಪ್ರಕಟವಾಗಿದ್ದರೆ ಅದು ಸರಿ

ವಾಸ್ತವ: ಇವು ಒಂದೇ ನಂಬಿಕೆಯ ಎರಡು ಮುಖಗಳು, ಎರಡೂ ಕೈಕೊಡುತ್ತವೆ. ಮೆಡ್‌ಆರ್ಕೈವ್, ಬಯೊಆರ್ಕೈವ್ ತಾಣಗಳು ಜರ್ನಲ್ ಪ್ರತಿ ಬಂದಾಗ ಪ್ರಿಪ್ರಿಂಟ್ ಪುಟದ ಮೇಲೆ ‘Now published in’ ಎಂದು ಕೊಂಡಿ ಹಾಕುತ್ತವೆ. ಶೀರ್ಷಿಕೆ ಮತ್ತು ಲೇಖಕರ ಹೆಸರುಗಳ ಹೋಲಿಕೆಯಿಂದ ಜೋಡಿ ಹುಡುಕುವ ವ್ಯವಸ್ಥೆ ಅದು. ಶೀರ್ಷಿಕೆ ಪೂರ್ತಿ ಬದಲಾಗಿ, ಲೇಖಕರ ಪಟ್ಟಿ ಏರುಪೇರಾಗಿದ್ದರೆ ಜೋಡಿ ತಪ್ಪಿಹೋಗಬಹುದು. ಆರ್ಕೈವ್‌ನಲ್ಲಿ ಆ ಮಾಹಿತಿಯನ್ನು ಎಷ್ಟೋ ಸಲ ಲೇಖಕರೇ ತುಂಬಬೇಕು, ಮರೆಯುವವರೂ ಇದ್ದಾರೆ. ಹೀಗಾಗಿ ಕೊಂಡಿ ಕಾಣದಿದ್ದರೆ ಮೊದಲ ಮತ್ತು ಕೊನೆಯ ಲೇಖಕರ ಹೆಸರು, ಜೊತೆಗೆ ವಿಷಯದ ಒಂದೆರಡು ಪದ ಹಾಕಿ ಹುಡುಕಿ. ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಕೆಳಗಿರುವ ‘All versions’ ಒತ್ತಿದರೆ ಪ್ರತಿಗಳೆಲ್ಲ ಸಾಲಾಗಿ ಕಾಣುತ್ತವೆ. ಅಲ್ಲಿಂದ ಉಲ್ಲೇಖವನ್ನು ನಕಲು ಮಾಡುವಾಗ ಪ್ರಿಪ್ರಿಂಟ್‌ನ ವಿವರವೇ ಬಂದು ಕೂರುವ ಸಾಧ್ಯತೆ ಇದೆ, ಜರ್ನಲ್ ಹೆಸರು ಮತ್ತು ವರ್ಷವನ್ನು ಕಣ್ಣಾರೆ ನೋಡಿ. ರಿಕವರಿ ಲೇಖನದ ವರ್ಷವೂ ಹೀಗೆ ದಾರಿ ತಪ್ಪಿಸುತ್ತದೆ: ಆನ್‌ಲೈನ್ ಬಂದದ್ದು 2020ರಲ್ಲಿ, ಸಂಚಿಕೆಯಲ್ಲಿ ಅಚ್ಚಾದದ್ದು 2021ರಲ್ಲಿ, ಸಂಪುಟ 384, ಪುಟ 693ರಿಂದ 704. ಸಂಪುಟ, ಪುಟ ಕೊಡುವುದಾದರೆ ವರ್ಷವೂ 2021 ಆಗಿರಬೇಕು.

ಇನ್ನು ಪ್ರಕಟವಾದದ್ದೆಲ್ಲ ಸರಿ ಎಂಬ ಮಾತು. 2020ರ ಮೇ 22ರಂದು ಲ್ಯಾನ್ಸೆಟ್‌ನಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಬಗ್ಗೆ ಒಂದು ಲೇಖನ ಬಂತು. ಸರ್ಜಿಸ್ಫಿಯರ್ ಎಂಬ ಕಂಪನಿ ಕೊಟ್ಟ ದತ್ತಾಂಶದ ಸತ್ಯಾಸತ್ಯವನ್ನು ಖಾತರಿಪಡಿಸಿಕೊಳ್ಳಲು ಆಗಲಿಲ್ಲವೆಂದು, ಜೂನ್ 4ರಂದು ಅದನ್ನು ಹಿಂಪಡೆಯಲಾಯಿತು. ಪರಿಶೀಲನೆ ದಾಟಿ ಎರಡು ವಾರ ಮಾತ್ರ ನಿಂತ ಲೇಖನ ಅದು. ಇನ್ನೊಂದು ತುದಿಯಲ್ಲಿ ಗ್ರಿಗೊರಿ ಪೆರೆಲ್ಮನ್ ಇದ್ದಾರೆ. ಗಣಿತದ ಪ್ವಾಂಕಾರೆ ಊಹೆಯನ್ನು ಸಾಧಿಸಿದ ಅವರ ಮೂರು ಬರಹಗಳು 2002 ಮತ್ತು 2003ರಲ್ಲಿ ಆರ್ಕೈವ್‌ಗೆ ಬಂದವು. ಅವನ್ನು ಅವರು ಯಾವ ಜರ್ನಲ್ಲಿಗೂ ಕೊಡಲಿಲ್ಲ. ಬೇರೆ ಗಣಿತಜ್ಞರು ವರ್ಷಗಟ್ಟಲೆ ಕೂತು ಸಾಲು ಸಾಲು ಪರೀಕ್ಷಿಸಿ ಒಪ್ಪಿಕೊಂಡರು. ಗಣಿತಜ್ಞರು ಇವತ್ತಿಗೂ ಉಲ್ಲೇಖಿಸುವುದು ಆ ಪ್ರಿಪ್ರಿಂಟ್‌ಗಳನ್ನೇ, ಬೇರೆ ಪ್ರತಿ ಇಲ್ಲ.

ಆದ್ದರಿಂದ ಫಲಿತಾಂಶವನ್ನು ಹೇಳುವಾಗ ಜರ್ನಲ್ ಪ್ರತಿಗೆ ಮೊದಲ ಮಣೆ ಹಾಕಿ, ಆದರೆ ಅದರ ಪುಟದಲ್ಲಿ ತಿದ್ದುಪಡಿ ಅಥವಾ ಹಿಂಪಡೆತದ ಸೂಚನೆ ಇದೆಯೇ ಎಂದು ನೋಡಿದ ಮೇಲೆ. ಒಂದು ದಿನಾಂಕದಂದು ಯಾರಿಗೆ ಏನು ಗೊತ್ತಿತ್ತು ಎಂದು ಹೇಳುವಾಗ ಆ ದಿನ ಇದ್ದ ಪ್ರಿಪ್ರಿಂಟ್ ಆವೃತ್ತಿ. ಜರ್ನಲ್ ಪ್ರತಿ ಓದಲು ಹಣ ಕಟ್ಟಬೇಕಾದರೂ ಈ ನಿಯಮ ಬದಲಾಗದು: ಉಲ್ಲೇಖ ಜರ್ನಲ್ಲಿಗೇ ಇರಲಿ, ಉಚಿತವಾಗಿ ಸಿಗುವ ಪ್ರತಿಯ ಕೊಂಡಿಯನ್ನು ಪಕ್ಕದಲ್ಲಿ ಕೊಡಿ. ಜರ್ನಲ್ ಪ್ರತಿ ನಿಮ್ಮ ಕೈಗೆ ಸಿಗದೆ ಪ್ರಿಪ್ರಿಂಟ್ ಮಾತ್ರ ಓದಿದ್ದರೆ, ಓದಿದ್ದನ್ನೇ ಪಟ್ಟಿಯಲ್ಲಿ ತೋರಿಸಿ. ಓದದ ಲೇಖನದಲ್ಲಿ ಆ ಅಂಕಿ ಹಾಗೇ ಉಳಿದಿದೆ ಎಂದು ಯಾರೂ ಭರವಸೆ ಕೊಟ್ಟಿಲ್ಲ.